ಸಾಕ್ಷಿ ಪ್ಯಾಕೆಟ್ಟು

ಅಕ್ಕನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಆದದ್ದಕ್ಕೆಲ್ಲ ಅರ್ಧ ಕಾರಣ ಆ ಬಾಯಿ. ಇನ್ನರ್ಧ ಕಾರಣ ಸಜ್ಜೆ. ಪಾಪ, ಸಜ್ಜೆಗೆ ತನ್ನನ್ನು ಸಮರ್ಥಿಸಿಕೊಳ್ಳಲು ಬಾಯಿಲ್ಲ, ಆದ್ದರಿಂದ ಅದರ ಪರವಾಗಿಯೂ ನಾಲ್ಕು ಮಾತು ಹೇಳಬೇಕಾಗುತ್ತದೆ.

ಇಡೀ ಬೀದಿಗೆ ಅವಳು ಅಕ್ಕ. ಅವಳಿಗಿಂತ ಹಿರಿಯರೂ ಅಕ್ಕ ಎಂದೇ ಕರೆಯುತ್ತಾರೆ. ಸುತ್ತಮುತ್ತಲ ಅಂಗಡಿಗಳಲ್ಲಿ ಅವಳ ಸಜ್ಜೆ ಹಿಟ್ಟು ‘ಅಕ್ಕನ ಹಿಟ್ಟು’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ, ಪ್ಯಾಕೆಟ್ಟಿನ ಮೇಲೆ ಅವಳದೇ ಫೋಟೋ ಇದೆ. ಸ್ವಲ್ಪ ನಗಿ ಅಂತ ಫೋಟೋದವನು ಎಷ್ಟು ಗೋಗರೆದರೂ ಅವಳು ನಗಲಿಲ್ಲ. ಹಿಟ್ಟು ಮಾರುವುದಕ್ಕೆ ಹಲ್ಲು ಯಾಕೆ ಬೇಕು ಅಂದಳಂತೆ. ಹೀಗಾಗಿ ಪ್ಯಾಕೆಟ್ಟಿನ ಮೇಲೂ ಅವಳು ಯಾರನ್ನೋ ಗದರಿಸುತ್ತಿರುವಂತೆಯೇ ಕಾಣುತ್ತಾಳೆ. ‘ನಮ್ಮ ಮನೆ ಮಕ್ಕಳು ನಿನ್ನ ಪ್ಯಾಕೆಟ್ ನೋಡಿದ್ರೆ ತಟ್ಟೆ ಖಾಲಿ ಮಾಡ್ತಾರೆ’ ಅಂತ ಬೀದಿಯ ಹೆಂಗಸರು ಕಾಲೆಳೆಯುತ್ತಿದ್ದರು. ಅಕ್ಕನಿಗೆ ಅದೂ ಹೆಮ್ಮೆಯೇ.

ಮನೆಯ ಹಿಂದೆ ತಗಡಿನ ಮಾಡಿನ ಎರಡು ಕೋಣೆ. ಒಂದರಲ್ಲಿ ಬೀಸುವ ಮಷೀನು, ಜರಡಿ, ಹಿಟ್ಟು ಆರಲು ಹರವುವ ಅಗಲವಾದ ತಟ್ಟೆಗಳು. ಇನ್ನೊಂದರಲ್ಲಿ ತೂಕದ ಮೇಜು, ಕಾಲಿನಿಂದ ಒತ್ತುವ ಸೀಲಿಂಗ್ ಮಷೀನು, ಗೋಡೆಗೆ ಹಲಗೆಗಳು. ಹಿತ್ತಿಲಲ್ಲಿ ಒಲೆ, ಒಲೆಯ ಮೇಲೆ ಮನುಷ್ಯ ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಹಂಡೆ. ಮಾಳಿಗೆಯ ಮೇಲೆ ಕಾಳು ಒಣಗಿಸುವ ಜಾಗ, ಹಕ್ಕಿ ಬಾರದಂತೆ ಬಲೆ. ಕೆಲಸ ನಡೆಯುವ ದಿನ ಆ ಕೋಣೆಯಿಂದ ಹೊರಗೆ ಬಂದವರ ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. ಅಕ್ಕನ ಗಂಡ ಬಸ್ಸಿನ ಕಂಡಕ್ಟರು. ಮದುವೆಯಾದಾಗ ಹೆಂಡತಿಯ ಕೂದಲು ಕಪ್ಪಗಿತ್ತು, ಈಗ ನಿಜವಾಗಿ ನರೆತಿದೆಯೋ ಹಿಟ್ಟೋ ತನಗೆ ಗೊತ್ತಿಲ್ಲ ಎನ್ನುತ್ತಿದ್ದ.

ಈಗ ಸಜ್ಜೆಯ ವಿಷಯ. ಕಾಳಾಗಿ ಇದ್ದಷ್ಟು ದಿನ ಸಜ್ಜೆಯಷ್ಟು ಸಾಧು ಇನ್ನೊಂದಿಲ್ಲ, ವರ್ಷಗಟ್ಟಲೆ ಚೀಲದಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಬೀಸಿದಿರೋ, ಅದರ ಒಳಗಿನ ಎಣ್ಣೆ ಹೊರಗೆ ಬಂದು ಕೆಡಲು ಶುರುವಾಗುತ್ತದೆ. ಬೀಸಿದ ದಿನ ಹಾಲಿನಂಥ ರುಚಿ, ಮಾರನೆಯ ದಿನವೂ ಸರಿ. ಒಂದೆರಡು ವಾರ ಕಳೆಯುವಷ್ಟರಲ್ಲಿ ಒಂದು ಕಮಟು ವಾಸನೆ, ನಾಲಿಗೆಯ ಹಿಂಭಾಗದಲ್ಲಿ ಹೋಗದೆ ಕೂರುವ ಕಹಿ. ಅದಕ್ಕೇ ಜನ ಬೇಕಾದಷ್ಟೇ ಬೀಸಿಸಿಕೊಂಡು ಬೇಗ ಮುಗಿಸುತ್ತಾರೆ, ಅದಕ್ಕೇ ಅಂಗಡಿಯವರು ಸಜ್ಜೆ ಹಿಟ್ಟು ಎಂದರೆ ಮೂಗು ಮುರಿಯುತ್ತಾರೆ. ಅಕ್ಕನ ಮೊದಲ ವರ್ಷದ ಹಿಟ್ಟೆಲ್ಲ ಹೀಗೇ ವಾಪಸ್ ಬಂದು ದನದ ಬಾನಿಗೆ ಹೋಯಿತು. ಆಮೇಲೆ ಒಂದು ತರಬೇತಿಯಲ್ಲಿ ಉಪಾಯ ಕಲಿತಳು: ಬೀಸುವ ಮೊದಲು ಕಾಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕು. ಆಗ ಎಣ್ಣೆಯನ್ನು ಕೆಡಿಸುವ ಗುಣ ಕಾಳಿನೊಳಗೇ ಸತ್ತುಹೋಗುತ್ತದೆ, ಹಿಟ್ಟು ಎರಡು ತಿಂಗಳಾದರೂ ಕೆಡುವುದಿಲ್ಲ.

ಹೇಳುವುದಕ್ಕೇನು, ಒಂದು ಸಾಲು. ಮಾಡುವಾಗ ಸೊಂಟ ಬೀಳುತ್ತದೆ. ಬಟ್ಟೆಯ ಚೀಲದಲ್ಲಿ ಸ್ವಲ್ಪ ಸ್ವಲ್ಪವೇ ಕಾಳು ಹಾಕಿ ಅದ್ದಬೇಕು. ಆಸೆಬುರುಕರಂತೆ ಒಂದೇ ಸಲ ತುಂಬಿದರೆ ನೀರಿನ ಕುದಿ ನಿಂತುಹೋಗುತ್ತದೆ, ಕೆಲಸ ಕೆಟ್ಟಿತು. ತೆಗೆಯುವುದು ತಡವಾದರೆ ಕಾಳು ಬೆಂದು ಗಂಜಿಯಾಗುತ್ತದೆ. ತೆಗೆದ ಮೇಲೆ ತೆಳ್ಳಗೆ ಹರವಿ, ಹಲ್ಲಿಗೆ ಸಿಕ್ಕಿದರೆ ಕಟಕ್ ಎನ್ನುವ ತನಕ ಒಣಗಿಸಬೇಕು. ಬೀಸಿದ ಮೇಲೂ ಹಿಟ್ಟಿನ ಬಿಸಿ ಆರುವ ತನಕ ಪ್ಯಾಕೆಟ್ಟಿಗೆ ತುಂಬುವ ಹಾಗಿಲ್ಲ, ಒಳಗೇ ಬೆವರಿ ಮುಗ್ಗುತ್ತದೆ.

ಈ ಹಂಡೆಯ ಮುಂದೆ ನಿಲ್ಲುತ್ತಿದ್ದವಳು ಅಕ್ಕನ ತಂಗಿ. ಪಕ್ಕದ ಬೀದಿಯಲ್ಲಿ ಅವಳ ಸಂಸಾರ. ನಾಲ್ಕು ದಿನ ಕೈ ಕೊಡುತ್ತೇನೆ ಎಂದು ಬಂದವಳು ಅಲ್ಲೇ ಉಳಿದಳು. ಉಗಿ ಹೊಡೆದು ಹೊಡೆದು ಅವಳ ಎರಡೂ ಮುಂಗೈಗಳ ಚರ್ಮ ಅಲ್ಲಲ್ಲಿ ಹೊಳೆಯುವ ಕಲೆಯಾಗಿತ್ತು. ಪ್ಯಾಕೆಟ್ಟಿನ ಮೇಲೆ ಅಕ್ಕನ ಮುಖ ಅಚ್ಚಾಗಿ ಬಂದ ದಿನ ತಂಗಿ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿ, ‘ಚೆನ್ನಾಗಿದೆ ಅಕ್ಕ. ನನ್ನ ಮುಖ ಬೇಡ, ಒಂದು ಮೂಲೇಲಿ ನನ್ನ ಕೈನಾದ್ರೂ ಹಾಕಿಸ್ಬೋದಿತ್ತು’ ಎಂದಿದ್ದಳು. ‘ನಿನ್ನ ಕೈ ನೋಡಿದ್ರೆ ಜನ ಹಿಟ್ಟು ತಗೊಳ್ಳಲ್ಲ, ಮುಲಾಮು ತಗೊಂಡು ಬರ್ತಾರೆ’ ಅಂತ ಅಕ್ಕ ಬಿದ್ದು ಬಿದ್ದು ನಕ್ಕಳು. ತಂಗಿಯೂ ನಕ್ಕಳು. ತಮಾಷೆ ಅಲ್ಲಿಗೇ ಮುಗಿಯಿತು ಎಂದು ಅಕ್ಕ ಅಂದುಕೊಂಡಳು.

ಅಕ್ಕನದು ಇನ್ನೊಂದು ಪದ್ಧತಿ. ಪ್ರತಿ ಸಲ ಬೀಸಿದಾಗಲೂ ಆ ಸಲದ ಒಂದೆರಡು ಪ್ಯಾಕೆಟ್ಟುಗಳನ್ನು ಮಾರದೆ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಎತ್ತಿಡುತ್ತಿದ್ದಳು. ಅದಕ್ಕೆ ಅವಳಿಟ್ಟ ಹೆಸರು ಸಾಕ್ಷಿ ಪ್ಯಾಕೆಟ್ಟು. ಅಂಗಡಿಗೆ ಹೋದ ಹಿಟ್ಟಿನ ಒಡಹುಟ್ಟು ಮನೆಯಲ್ಲಿರುತ್ತದೆ. ತಿಂಗಳ ಮೇಲೆ ಬಿಚ್ಚಿ ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ, ಸರಿಯಿದ್ದರೆ ಪ್ಯಾಕೆಟ್ಟಿಗೇ ‘ಶಹಬ್ಬಾಸ್’ ಎನ್ನುವಳು. ಯಾವನಾದರೂ ಅಂಗಡಿಯವನು ಹಿಟ್ಟು ಸರಿಯಿಲ್ಲ ಎಂದರೆ ಅದೇ ತಾರೀಖಿನ ಸಾಕ್ಷಿಯನ್ನು ಇಳಿಸಿಕೊಂಡು ಹೋಗಿ ಅವನ ಎದುರೇ ಬಿಚ್ಚುವಳು. ಇಷ್ಟು ವರ್ಷಗಳಲ್ಲಿ ಸಾಕ್ಷಿ ಒಮ್ಮೆಯೂ ಅವಳ ಕೈಬಿಟ್ಟಿರಲಿಲ್ಲ. ಹಾಗಾಗಿ ಅವಳಿಗೆ ಆ ಹಲಗೆಯ ಮೇಲೆ ದೇವರ ಮೇಲಿರುವುದಕ್ಕಿಂತ ಹೆಚ್ಚು ನಂಬಿಕೆ.

ಅಂಗಡಿಗಳಲ್ಲಿ ಮುಖ್ಯವಾದದ್ದು ತಿರುವಿನ ಮೂಲೆಯ ಅಂಗಡಿ. ಯಾರೂ ಸಜ್ಜೆ ಹಿಟ್ಟು ಮುಟ್ಟದ ಕಾಲದಲ್ಲಿ ಆ ಯಜಮಾನರು ಕಣ್ಣಿಗೆ ಬೀಳುವ ಎತ್ತರದಲ್ಲಿ ಅವಳಿಗೆ ಜಾಗ ಕೊಟ್ಟಿದ್ದರು. ಆ ಅಂಗಡಿಯಲ್ಲಿ ‘ಅಕ್ಕನ ಹಿಟ್ಟು’ ಇದೆ ಎಂದಮೇಲೆ ಉಳಿದ ಅಂಗಡಿಯವರೂ ಇಟ್ಟುಕೊಂಡರು. ಆ ಜಾಗ ಕೊಡಿಸಿದ್ದು ಮಾತ್ರ ಯಜಮಾನರಲ್ಲ, ತೂಕದಣ್ಣ. ಯಜಮಾನರ ಅಪ್ಪನ ಕಾಲದಿಂದ ಅಲ್ಲಿ ತೂಕ ಮಾಡುತ್ತ, ಸಾಮಾನು ಜೋಡಿಸುತ್ತ ಮುದುಕನಾದವನು. ಹಳೆಯ ಪ್ಯಾಕೆಟ್ಟು ಮುಂದೆ, ಹೊಸದು ಹಿಂದೆ, ಇದು ತಪ್ಪಿದ್ದನ್ನು ಯಾರೂ ನೋಡಿಲ್ಲ. ಅಂಗಡಿಗೆ ಬಂದ ಪ್ರತಿಯೊಂದನ್ನೂ ಚಿಟಿಕೆ ಬಾಯಿಗೆ ಹಾಕಿ ನೋಡುವ ಅಭ್ಯಾಸ ಅವನದು. ಅಕ್ಕನ ಹಿಟ್ಟನ್ನು ಮೊದಲ ಸಲ ಬಾಯಿಗೆ ಹಾಕಿಕೊಂಡು, ‘ಇಡಿ ಯಜಮಾನ್ರೇ, ಈಯಮ್ಮ ಮನೆಗೆ ಮಾಡ್ದಂಗೆ ಮಾಡವ್ರೆ’ ಎಂದವನು ಅವನೇ.

ಆ ವರ್ಷ ಅಕ್ಕನ ಗಂಡನಿಗೆ ಮೊಣಕಾಲಿನ ಆಪರೇಷನ್ ಆಯಿತು. ಅಕ್ಕ ಆಸ್ಪತ್ರೆಗೂ ಮನೆಗೂ ಓಡಾಡಿ ಅರ್ಧವಾದಳು. ಮಧ್ಯಾಹ್ನ ಒಂದು ಗಳಿಗೆ ಬಂದು ಪ್ಯಾಕೆಟ್ಟು ತುಂಬಿಸಿ ಅಂಗಡಿಗಳಿಗೆ ಮುಟ್ಟಿಸುವುದಷ್ಟೇ ಅವಳ ಕೈಲಾದದ್ದು. ಕಾಳು ಕೇರುವುದು, ಅದ್ದುವುದು, ಒಣಗಿಸುವುದು, ಬೀಸುವುದು, ತಾರೀಖಿನ ಮುದ್ರೆ ಒತ್ತುವುದು, ಎಲ್ಲ ತಂಗಿಯ ತಲೆಯ ಮೇಲೆ ಬಿತ್ತು. ಅದೇ ಹೊತ್ತಿಗೆ ಮೋಡ ಕವಿದುಕೊಂಡು ಬಿಸಿಲೇ ಇಲ್ಲ. ಅದ್ದಿದ ಕಾಳು ಮಾಳಿಗೆಯ ಮೇಲೆ ಒದ್ದೆಯಾಗಿ ಕೂತುಬಿಟ್ಟಿತು. ಅಂಗಡಿಗಳಿಂದ ಮಾತ್ರ ಇನ್ನಷ್ಟು ಕೊಡಿ, ಮತ್ತಷ್ಟು ಕೊಡಿ. ಅಕ್ಕ ಫೋನಿನಲ್ಲೇ ಗದರುವಳು: ‘ಏನು ಮಾಡ್ತಿದೀಯೇ ಇಡೀ ದಿನ? ಮೂಲೆ ಅಂಗಡಿಗೆ ಇವತ್ತು ಹೋಗ್ಲಿಲ್ಲ ಅಂದ್ರೆ ನನ್ನ ಮಾನ ಹೋಗುತ್ತೆ.’

ಅದು ಹೇಗೋ ಹಿಟ್ಟು ತಯಾರಾಯಿತು. ಹೇಗೆ ಆಯಿತು ಎಂದು ಅಕ್ಕ ಕೇಳಲಿಲ್ಲ. ಚಿಟಿಕೆ ಬಾಯಿಗೆ ಹಾಕಿಕೊಂಡಳು, ಚೆನ್ನಾಗಿತ್ತು. ‘ನೋಡು, ಬಾಯಿ ಮಾಡಿದ್ರೇನೇ ಕೆಲಸ ಆಗೋದು’ ಎಂದಳು.

ಗಂಡ ಮನೆಗೆ ಬಂದು ಕೋಲೂರಿ ನಡೆಯತೊಡಗಿದ ಮೇಲೆ ಒಂದು ಬೆಳಿಗ್ಗೆ ಅಕ್ಕ ಮೂಲೆ ಅಂಗಡಿಗೆ ಹೋದಳು. ತೂಕದಣ್ಣ ಅವಳನ್ನು ಒಂದು ಬದಿಗೆ ಕರೆದು, ಯಾರಿಗೂ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ, ‘ಅಮ್ಮಾ, ಹೋದ ತಿಂಗಳಿನ ಹಿಟ್ಟು ಕಹಿಯಾಗಿದೆ. ಒಂದಿಬ್ರು ವಾಪಸ್ ತಂದ್ರು. ನಾನೂ ಬಾಯಿಗೆ ಹಾಕ್ಕೊಂಡೆ. ಯಜಮಾನ್ರಿಗೆ ಇನ್ನೂ ಹೇಳಿಲ್ಲ, ಸುಮ್ನೆ ವಾಪಸ್ ತಗೊಂಡೋಗಿಬಿಡಿ’ ಎಂದ.

ಎಂಥ ಮಾತು. ಅವಳ ಮಾನ ಉಳಿಯಲಿ ಎಂದು ಆ ಮನುಷ್ಯ ಪಿಸುಗುಟ್ಟಿದ್ದ. ಅಕ್ಕ ಅಷ್ಟು ಸಣ್ಣ ದನಿಯಲ್ಲಿ ಬದುಕಿದವಳಲ್ಲ. ‘ಕಹಿನಾ? ನನ್ನ ಹಿಟ್ಟಾ?’ ಎಂದದ್ದು ಅಂಗಡಿಯ ಹೊರಗಿನವರಿಗೂ ಕೇಳಿಸಿತು. ‘ಇರಿ, ಬಂದೆ’ ಎಂದು ಮನೆಗೆ ಹೋದವಳೇ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಅದೇ ತಾರೀಖಿನ ಪ್ಯಾಕೆಟ್ಟು ಇಳಿಸಿಕೊಂಡಳು. ಸೀಲಿಂಗ್ ಮಷೀನಿನ ಮುಂದೆ ಕೂತಿದ್ದ ತಂಗಿ, ‘ಅಕ್ಕ, ಅದು’ ಎಂದು ಬಾಯಿ ತೆಗೆದಳು. ‘ಆಮೇಲೆ’ ಎಂದು ಅಕ್ಕ ಹೊರಟೇಹೋದಳು.

ಅಂಗಡಿ ತುಂಬ ಜನ. ಅವಳಿಗೆ ಬೇಕಾಗಿದ್ದದ್ದೂ ಅದೇ. ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು ತಾರೀಖನ್ನು ಎಲ್ಲರಿಗೂ ತೋರಿಸಿದಳು, ಕತ್ತರಿಸಿದಳು, ತಾನು ತಿಂದಳು. ಹಸಿ ಹಸಿಯಾದ, ಬೀಸಿದ ದಿನದ ಘಮ. ಈ ಸಲ ಎಷ್ಟು ಚೆನ್ನಾಗಿ ಬಂದಿದೆ ಎಂದು ಬೀಗಿದಳೇ ಹೊರತು, ತಿಂಗಳು ಕಳೆದ, ಬಿಸಿನೀರು ಕಂಡ ಹಿಟ್ಟಿಗೆ ಈ ಘಮ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬೇಕಾದವಳು ಊರಿಗೆಲ್ಲ ಅವಳೊಬ್ಬಳೇ.

ಯಜಮಾನರು ಗಿರಾಕಿಗಳು ತಂದುಕೊಟ್ಟಿದ್ದನ್ನು ನೆಕ್ಕಿ ಮುಖ ಹಿಂಡಿದರು, ಸಾಕ್ಷಿಯದನ್ನು ನೆಕ್ಕಿ ತಲೆಯಾಡಿಸಿದರು. ‘ಈಗ ನೀವು’ ಎಂದು ಅಕ್ಕ ತೂಕದಣ್ಣನ ಅಂಗೈಗೆ ಚಿಟಿಕೆ ಹಾಕಿದಳು. ಅವನು ಬಾಯಿಗೆ ಹಾಕಿಕೊಂಡ.

‘ಹೇಳಿ. ಕಹಿ ಇದ್ಯಾ?’

‘ಇದು ಇಲ್ಲ.’

‘ಜೋರಾಗಿ ಹೇಳಿ, ಎಲ್ರಿಗೂ ಕೇಳ್ಲಿ.’

‘ಇದು ಕಹಿ ಇಲ್ಲಮ್ಮ. ಆದ್ರೆ ಇದು ಆ ಹಿಟ್ಟಲ್ಲ.’

‘ಅದೇ ಕಾಳು, ಅದೇ ದಿನ ಬೀಸಿದ್ದು, ಅದೇ ಮುದ್ರೆ. ಆ ಹಿಟ್ಟಲ್ಲ ಅಂದ್ರೆ?’ ಅಕ್ಕ ಸೀದಾ ಹಿಂದಿನ ಗೋದಾಮಿಗೆ ನುಗ್ಗಿದಳು. ಅಲ್ಲಿ ಗೋಡೆ ತೇವ ಹಿಡಿದಿತ್ತು. ಯಾವ ಗೋದಾಮಿನ ಗೋಡೆ ಆ ಮೋಡದಲ್ಲಿ ತೇವ ಹಿಡಿದಿರಲಿಲ್ಲ? ಗೋಡೆಯ ಹತ್ತಿರ ಅವಳ ಪ್ಯಾಕೆಟ್ಟುಗಳು, ಒಂದು ಮಾರು ದೂರದಲ್ಲಿ ಸೋಪಿನ ಪುಡಿಯ ಚೀಲ. ಸಾಕಾಯಿತು. ‘ನೋಡಿ ಯಜಮಾನ್ರೇ, ತಾಯಿ ಮನೇಲಿ ಚೆನ್ನಾಗಿದ್ದ ಹೆಣ್ಣು ಗಂಡನ ಮನೇಲಿ ಸೊರಗಿದ್ರೆ ತಪ್ಪು ಯಾರದ್ದು? ನನ್ನ ಹಿಟ್ಟು ನನ್ನ ಮನೇಲಿ ಬೆಲ್ಲದಂಗಿದೆ. ಇಲ್ಲಿ ಇಟ್ಟವರು ಕೆಡಿಸಿದ್ದಾರೆ. ವಯಸ್ಸಾದ್ರೆ ಕಣ್ಣು ಮಂದ ಆಗುತ್ತೆ, ನಾಲಿಗೆನೂ ಹೋಗುತ್ತೆ, ಅದಕ್ಕೆ ನಾನೇನು ಮಾಡ್ಲಿ?’

ಜನ ನಕ್ಕರು. ತೂಕದಣ್ಣ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ತನ್ನ ಅಂಗೈಯಲ್ಲಿ ಉಳಿದ ಹಿಟ್ಟನ್ನು ಇನ್ನೊಮ್ಮೆ ನೆಕ್ಕಿ ನೋಡಿದ. ಅಕ್ಕ ಗೆದ್ದವಳಂತೆ ಸೆರಗು ಕೊಡವಿ, ಬಿಚ್ಚಿದ ಪ್ಯಾಕೆಟ್ಟಿನ ಬಾಯಿ ಮಡಿಸಿಕೊಂಡು ಮನೆಗೆ ಬಂದಳು. ನಡೆದದ್ದನ್ನು ಉಪ್ಪು ಖಾರ ಹಚ್ಚಿ ಗಂಡನಿಗೂ ತಂಗಿಗೂ ಹೇಳಿದಳು. ಗಂಡ ಚಪ್ಪಾಳೆ ಹೊಡೆದ. ತಂಗಿ ತಲೆ ತಗ್ಗಿಸಿ ಪ್ಯಾಕೆಟ್ಟು ಒತ್ತುತ್ತಲೇ ಇದ್ದಳು.

ಮುಂದಿನ ಸಲ ಹಿಟ್ಟು ಕೊಡಲು ಹೋದಾಗ ತಕ್ಕಡಿಯ ಹತ್ತಿರ ಹೊಸಬನೊಬ್ಬ ನಿಂತಿದ್ದ. ತೂಕದಣ್ಣ ಎಲ್ಲಿ ಎಂದಳು. ‘ಕಳಿಸ್ಬಿಟ್ಟೆ ಅಕ್ಕ’ ಎಂದರು ಯಜಮಾನರು. ‘ಅಪ್ಪನ ಕಾಲದವನು ಅಂತ ಇಷ್ಟು ದಿನ ಸಹಿಸ್ಕೊಂಡೆ. ಸಾಮಾನು ಕೆಡಿಸ್ತಾನೆ, ಮೇಲೆ ತಯಾರು ಮಾಡೋರ ಮೇಲೆ ಗೂಬೆ ಕೂರಿಸ್ತಾನೆ. ನೀವು ಅವತ್ತು ಕಣ್ಣು ತೆರೆಸಿದ್ರಿ.’

ಅಕ್ಕನಿಗೆ ಚುರುಕ್ ಎಂದಿತು. ಅವಳು ಕೆಟ್ಟವಳಲ್ಲ. ಆದರೆ ಆ ಚುರುಕ್‌ನ ಪಕ್ಕದಲ್ಲೇ, ನನ್ನ ಮಾತಿಗೆ ಇಷ್ಟು ಬೆಲೆ ಇದೆಯಲ್ಲ ಎಂಬ ಹಿಗ್ಗೂ ಇತ್ತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹಿಗ್ಗು ಇತ್ತು. ಅಲ್ಲಿಂದಾಚೆ ಮೂಲೆ ಅಂಗಡಿಯಿಂದ ಒಂದು ದೂರೂ ಬರಲಿಲ್ಲ. ಹೊಸಬ ಚೆನ್ನಾಗಿ ಇಡುತ್ತಾನೆ, ಮುದುಕನದೇ ತಪ್ಪು ಎಂದು ಎಲ್ಲರಿಗೂ ಖಾತ್ರಿಯಾಯಿತು. ಬಿಸಿಲು ಮರಳಿತ್ತು, ತಂಗಿ ಹಂಡೆಯ ಮುಂದೆ ನಿಂತು ಮೊದಲಿನಂತೆ ಅದ್ದತೊಡಗಿದ್ದಳು ಎಂಬುದನ್ನು ಯಾರು ನೋಡಬೇಕು?

ಅಂಗಡಿಯಲ್ಲಿ ಬಿಚ್ಚಿದ ಆ ಸಾಕ್ಷಿ ಪ್ಯಾಕೆಟ್ಟಿನ ಮಿಕ್ಕ ಹಿಟ್ಟನ್ನು ಅಕ್ಕ ಅಡುಗೆಮನೆಯ ಡಬ್ಬಿಗೆ ಹಾಕಿದ್ದಳು. ಎರಡು ಮೂರು ವಾರ ಅದರ ಕಡೆ ಯಾರೂ ಹೋಗಲಿಲ್ಲ. ಒಂದು ಬೆಳಿಗ್ಗೆ ಗಂಡನಿಗೆ ಅದರದೇ ಗಂಜಿ ಕಾಯಿಸಿದಳು. ಅವನು ಒಂದು ಗುಟುಕು ಕುಡಿದು, ಹಾಗೇ ಲೋಟ ಕೆಳಗಿಟ್ಟ. ‘ನನ್ನ ಕಾಲು ಸರಿಹೋಗಿದ್ದು ನಿಂಗೆ ಇಷ್ಟ ಇಲ್ವಾ? ಏನು ಬೆರೆಸಿದೀಯ ಇದಕ್ಕೆ?’

ಅಕ್ಕ ಗದರಲು ಬಾಯಿ ತೆಗೆದು, ಅದರ ಬದಲು ಲೋಟಕ್ಕೆ ಬಾಯಿಟ್ಟಳು. ಕಹಿ. ಡಬ್ಬಿಯ ಹಿಟ್ಟು ನಾಲಿಗೆಗೆ ಹಾಕಿಕೊಂಡಳು. ಅದೇ ಕಹಿ, ಅದೇ ಕಮಟು, ಮೊದಲ ವರ್ಷ ದನದ ಬಾನಿಗೆ ಸುರಿದದ್ದು. ಡಬ್ಬಿಗೆ ನೀರು ಬಿದ್ದಿರಲಿಲ್ಲ, ಪಕ್ಕದಲ್ಲಿ ಸೋಪಿನ ಪುಡಿ ಇರಲಿಲ್ಲ, ತೂಕದಣ್ಣ ಇದನ್ನು ಮುಟ್ಟಿರಲಿಲ್ಲ. ಬಿಸಿನೀರಿಗೆ ಅದ್ದಿದ ಕಾಳಿನ ಹಿಟ್ಟು ಒಂದು ತಿಂಗಳು ಸಿಹಿಯಾಗಿದ್ದು, ಆಮೇಲೆ ಇಷ್ಟು ಬೇಗ ಹೀಗೆ ತಿರುಗುವುದಿಲ್ಲ. ಅದ್ದದ ಕಾಳಿನದಾದರೆ ತಿಂಗಳವರೆಗೆ ಸಿಹಿಯಾಗಿರುವುದೇ ಇಲ್ಲ. ಹಾಗಾದರೆ ಅವಳು ಅಂಗಡಿಯಲ್ಲಿ ಬಿಚ್ಚಿದ್ದು ತಿಂಗಳ ಹಿಂದಿನದಲ್ಲ. ಆಗಷ್ಟೇ ಬೀಸಿದ್ದು, ಅದ್ದದೇ ಬೀಸಿದ್ದು.

ಸ್ಟೂಲು ಎಳೆದುಕೊಂಡು ಹತ್ತಿದಳು. ಆ ಮೋಡದ ದಿನಗಳ ತಾರೀಖಿನ ಸಾಕ್ಷಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಎಲ್ಲವೂ ಕಹಿ.

ತಂಗಿ ಒಳಗೆ ಬಂದಾಗ ಅಕ್ಕ ಬಿಚ್ಚಿದ ಪ್ಯಾಕೆಟ್ಟುಗಳ ನಡುವೆ ನೆಲದ ಮೇಲೆ ಕೂತಿದ್ದಳು. ಮೊದಲ ಬಾರಿಗೆ ಅವಳ ದನಿ ಸಣ್ಣಗಿತ್ತು. ‘ಏನೇ ಮಾಡಿದೆ?’

ತಂಗಿ ಬಾಗಿಲಲ್ಲೇ ನಿಂತಳು. ‘ಬಿಸಿಲಿರ್ಲಿಲ್ಲ ಅಕ್ಕ. ಅದ್ದಿದ್ದು ಒಣಗ್ಲಿಲ್ಲ, ಮುಗ್ಗು ವಾಸನೆ ಬಂತು, ಒಂದು ಹಂಡೆಯಷ್ಟು ಎಸೆದೆ. ನೀನು ಫೋನಲ್ಲಿ ಬೈತಿದ್ದೆ. ಅದ್ದದೇ ಬೀಸ್ದೆ. ಬೇಗ ಖರ್ಚಾಗುತ್ತೆ, ಕೆಡೋದ್ರೊಳಗೆ ಜನ ತಿಂದ್ಬಿಡ್ತಾರೆ ಅನ್ಕೊಂಡೆ.’

‘ಸಾಕ್ಷಿ? ಸಾಕ್ಷಿ ಹೆಂಗೆ ಬದಲಾಯ್ತು?’

‘ಒಂದಿನ ಅಂಗಡಿಗೆ ಕೊಡೋಕೆ ಪ್ಯಾಕೆಟ್ ಸಾಲದೆ ಬಂತು. ಮೇಲಿರೋದು ಸುಮ್ನೆ ಕೂತಿತ್ತು. ಅದನ್ನೇ ಇಳಿಸಿ ಕಳಿಸ್ದೆ. ಮುಂದಿನ ಸಲ ಬೀಸಿದಾಗ, ನೀನು ಅದನ್ನ ಅಂಗಡಿಗೆ ತಗೊಂಡೋಗೋ ಎರಡು ದಿನ ಮೊದ್ಲು, ಅಷ್ಟನ್ನೂ ತುಂಬಿಸಿ ಇಟ್ಟೆ. ಪ್ಯಾಕೆಟ್ಟಿಗೆ ಪ್ಯಾಕೆಟ್ ವಾಪಸ್ ಇಟ್ಟೆನಲ್ಲ ಅಕ್ಕ, ಒಂದೂ ಕಮ್ಮಿ ಮಾಡ್ಲಿಲ್ಲ. ಆ ಜಾಗದಲ್ಲಿ ಆ ತಾರೀಖಿನದು ಇರ್ಬೇಕು ಅಂತ ಅದೇ ಮುದ್ರೆ ಒತ್ತಿದೆ.’

ಕಾಳು ಸಾಲ ತಂದವರು ಕಾಳು ಹಿಂತಿರುಗಿಸುವ ಹಾಗೆ, ಅವಳು ಸಾಕ್ಷಿಯನ್ನು ಸಾಲ ತಂದು ಸಾಕ್ಷಿಯನ್ನೇ ಹಿಂತಿರುಗಿಸಿದ್ದಳು. ಅವಳ ಪಾಲಿಗೆ ಅದು ಪ್ರಾಮಾಣಿಕತನ. ಅಕ್ಕನಿಗೆ ಹೊಡೆಯಬೇಕೋ ಅಳಬೇಕೋ ತಿಳಿಯಲಿಲ್ಲ.

‘ನಾನು ಅದನ್ನ ಅಂಗಡಿಗೆ ತಗೊಂಡೋಗುವಾಗ ನಿಂಗೆ ಬಾಯಿರ್ಲಿಲ್ವಾ?’

‘ತೆಗೆದೆ. ನೀನು ಆಮೇಲೆ ಅಂದೆ.’

‘ವಾಪಸ್ ಬಂದ್ಮೇಲೆ?’

‘ನೀನು ನಗ್ತಾ ಬಂದೆ. ಆಗ ಹೇಳಿದ್ರೆ ನೀನು ಏನು ಮಾಡ್ತಿದ್ದೆ ನಂಗೊತ್ತು. ಮುದುಕಪ್ಪನ ಕೆಲಸ ಹೋಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ಅಕ್ಕ. ಗೊತ್ತಾದಾಗ ತಡ ಆಗಿತ್ತು.’ ಆಮೇಲೆ ತನ್ನ ಮುಂಗೈ ನೋಡಿಕೊಳ್ಳುತ್ತ ಹೇಳಿದಳು: ‘ಹಿಟ್ಟು ಚೆನ್ನಾಗಿದ್ರೆ ಅಕ್ಕನದ್ದು. ಕೆಟ್ರೆ ನಂದು. ಅದೂ ಗೊತ್ತಿತ್ತು.’

ಅಕ್ಕ ಬಾಯಿಗೆ ಬಂದಂತೆ ಬೈದಳು. ತಂಗಿ ಕೇಳಿಸಿಕೊಂಡಳು, ಕಾಳು ಅದ್ದುವ ಬಟ್ಟೆಯ ಚೀಲಗಳನ್ನು ಹಿಂಡಿ ಹಗ್ಗಕ್ಕೆ ಹಾಕಿದಳು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಅಕ್ಕ ಮೊದಲು ಹೋದದ್ದು ಯಜಮಾನರ ಮನೆಗೆ, ಅಂಗಡಿಗಲ್ಲ. ಎಲ್ಲ ಹೇಳಿದಳು. ಅವರು ಕೇಳಿ, ಬಹಳ ಹೊತ್ತು ಕನ್ನಡಕ ಒರೆಸಿದರು. ‘ಆಗಿದ್ದಾಯ್ತು ಬಿಡಿ ಅಕ್ಕ. ಈಗ ಹೊಸ ಹುಡುಗ ಹೊಂದ್ಕೊಂಡಿದ್ದಾನೆ, ಅವನನ್ನ ತೆಗೆಯೋಕಾಗುತ್ತಾ? ಮುದುಕ ತಪ್ಪು ಮಾಡಿಲ್ಲ ಅಂತ ಗೊತ್ತಾದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ನಿಮ್ಮ ಹಿಟ್ಟಿನ ಹೆಸರೂ ಹೋಗುತ್ತೆ. ಯಾರಿಗೂ ಲಾಭ ಇಲ್ಲ. ನಿಮಗೆ ಇನ್ನೊಂದು ಹಲಗೆ ಜಾಗ ಬೇಕಾದ್ರೆ ಕೊಡ್ತೀನಿ, ಇದನ್ನ ಇಲ್ಲಿಗೇ ಬಿಡಿ.’ ಎಷ್ಟು ಮೆತ್ತಗೆ ಹೇಳಿದರೆಂದರೆ, ಅಕ್ಕನಿಗೆ ಒಂದು ಗಳಿಗೆ ಅದೇ ಸರಿ ಎನಿಸಿತು. ಆ ಒಂದು ಗಳಿಗೆಗೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ತೂಕದಣ್ಣ ಮಗನ ಮನೆಯ ಹೊರಗೋಡೆಗೆ ಒರಗಿ ಕೂತಿದ್ದ. ಕೈಗೆ ಕೆಲಸವಿಲ್ಲದೆ ಅಂಗಿಯ ಗುಂಡಿ ತಿರುಗಿಸುತ್ತಿದ್ದ. ಒಳಗೆ ಸೊಸೆ ಪಾತ್ರೆ ತೊಳೆಯುವ ಸದ್ದು. ಅಕ್ಕ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು, ಎಲ್ಲ ಮರೆತುಹೋಯಿತು. ಆ ಡಬ್ಬಿ ತೆಗೆದು ಮುಂದಿಟ್ಟಳು. ‘ಅಣ್ಣ, ಇದನ್ನ ಬಾಯಿಗೆ ಹಾಕ್ಕೊಂಡು ನೋಡಿ.’

‘ಬೇಡಮ್ಮ. ನನ್ನ ನಾಲಿಗೆ ಹೋಗಿದೆ.’

‘ನೋಡಿ ಅಣ್ಣ.’

ಚಿಟಿಕೆ ಹಾಕಿಕೊಂಡ. ನುಂಗಲಿಲ್ಲ, ಉಗುಳಲೂ ಇಲ್ಲ. ‘ಇದೇ’ ಎಂದ. ‘ಅವತ್ತಿನ ಕಹಿ ಇದೇ.’

‘ನಾನು ಅಂಗಡಿಲಿ ಬಿಚ್ಚಿದ ಪ್ಯಾಕೆಟ್ಟಿನದೇ ಅಣ್ಣ ಇದು. ಆಗ ಹೊಸದಿತ್ತು, ಅದಕ್ಕೇ ಗೊತ್ತಾಗ್ಲಿಲ್ಲ. ತಪ್ಪು ನಮ್ಮನೇದು. ನೀವು ಹೇಳಿದ್ದೇ ಸರಿ.’

‘ಹಾಗಾದ್ರೆ ನನ್ನ ನಾಲಿಗೆ ಸರಿ ಇತ್ತು.’ ಅವನು ಅದನ್ನು ಅವಳಿಗೆ ಹೇಳಲಿಲ್ಲ, ತನಗೇ ಹೇಳಿಕೊಂಡ. ಆಮೇಲೆ ನಿಧಾನವಾಗಿ, ‘ಸೊಸೆ ಅಡುಗೆಗೆ ಉಪ್ಪು ಹೆಚ್ಚು ಹಾಕ್ತಾಳೆ ಅನ್ಸ್ತಿತ್ತಮ್ಮ. ಕೇಳಿದ್ರೆ, ಮಾವ, ನಿಮ್ಮ ನಾಲಿಗೆ ಹೋಗಿದೆ ಅಂತ ಊರಿಗೇ ಗೊತ್ತು ಅಂತಾಳೆ. ಇರಬೋದು ಅಂತ ಸುಮ್ನಾಗ್ತಿದ್ದೆ. ಇಷ್ಟು ದಿನ ಏನು ತಿಂದ್ರೂ, ಇದು ನಿಜವಾದ ರುಚಿನೋ ನಂಗನ್ಸೋದೋ ಅಂತ ತಿಳೀದೆ ತಿಂದೆ.’

ಅಕ್ಕನ ಕಣ್ಣು ತುಂಬಿತು. ನನ್ನ ಕಡೆ ಬಂದುಬಿಡಿ ಅಣ್ಣ, ತೂಕ ಮಾಡಿ, ಪ್ಯಾಕೆಟ್ಟು ನೋಡಿಕೊಳ್ಳಿ, ಮರ್ಯಾದೆಯಿಂದ ನೋಡಿಕೊಳ್ಳುತ್ತೇನೆ ಎಂದಳು.

‘ಬೇಡಮ್ಮ’ ಎಂದ ಅವನು, ಸಿಟ್ಟಿಲ್ಲದೆ. ‘ನಾನು ಕಹಿ ಅಂದ್ರೆ ನೀವು ಕಹಿ ಅಂತ ಒಪ್ಕೋಬೇಕಾಗುತ್ತೆ. ನಿಮಗೆ ಆಗಲ್ಲ. ಒಂದು ಕೆಲಸ ಮಾಡಿ. ಅವತ್ತು ಅಂಗಡಿ ತುಂಬ ಜನದ ಎದುರು ನನ್ನ ಬಾಯಲ್ಲಿ ಹೇಳಿಸಿದ್ರಲ್ಲ. ಇದನ್ನೂ ಅಲ್ಲೇ ಹೇಳಿ.’

ಅವಳು ಹೇಳಿದಳು. ಅದೊಂದನ್ನು ಅವಳ ಲೆಕ್ಕಕ್ಕೆ ಬರೆಯಬೇಕು. ಮಾರನೆಯ ಬೆಳಿಗ್ಗೆ ಜನ ಹೆಚ್ಚಿರುವ ಹೊತ್ತಿಗೆ ಹೋಗಿ, ಅದೇ ಮೇಜಿನ ಮುಂದೆ ನಿಂತು, ಡಬ್ಬಿ ಬಿಚ್ಚಿ, ಎಲ್ಲವನ್ನೂ ಹೇಳಿದಳು. ತಂಗಿಯ ಹೆಸರೆತ್ತದೆ, ನಾನು ನೋಡಿಕೊಳ್ಳಲಿಲ್ಲ ಎಂದಳು. ಈ ಸಲ ಯಾರೂ ನಗಲಿಲ್ಲ. ಬುಟ್ಟಿಗೆ ಹಾಕಿಕೊಂಡಿದ್ದ ‘ಅಕ್ಕನ ಹಿಟ್ಟ’ನ್ನು ಒಬ್ಬ ಹೆಂಗಸು ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟಳು, ಅವಳನ್ನು ನೋಡಿ ಇನ್ನೊಬ್ಬಳು. ಯಜಮಾನರು ಹೊಸಬನಿಗೆ ಕಣ್ಸನ್ನೆ ಮಾಡಿದರು, ಅವನು ಹಲಗೆ ಖಾಲಿ ಮಾಡತೊಡಗಿದ. ಬೀದಿಯ ಆಚೆ ಬದಿಯಲ್ಲಿ ತೂಕದಣ್ಣ ನಿಂತಿದ್ದ. ಕೊನೆಯವರೆಗೂ ಕೇಳಿ, ಅವಳ ಕಡೆ ನೋಡದೆ, ಅಂಗಡಿಯ ಕಡೆಗೂ ನೋಡದೆ, ಮನೆಯ ದಾರಿ ಹಿಡಿದ. ಅವನ ಕೆಲಸವನ್ನು ಯಾರೂ ವಾಪಸ್ ಕೊಡಲಿಲ್ಲ.

ಅಕ್ಕ ಈಗಲೂ ಹಿಟ್ಟು ಮಾಡುತ್ತಾಳೆ. ಕೊಳ್ಳುವ ಅಂಗಡಿ ಎರಡೋ ಮೂರೋ ಉಳಿದಿವೆ. ಹಂಡೆಯ ಮುಂದೆ ತಾನೇ ನಿಲ್ಲುತ್ತಾಳೆ. ಮೊದಲ ದಿನವೇ ಉಗಿ ಹೊಡೆದು ಮುಂಗೈ ಬೆಂದಾಗ, ತಾನು ಮುಲಾಮಿನ ಮಾತು ಹೇಳಿ ನಕ್ಕದ್ದು ನೆನಪಾಗಿ, ಹಂಡೆಯ ಹತ್ತಿರವೇ ಕೂತು ಅತ್ತಳು. ತಂಗಿಯ ಮನೆಗೆ ಹೇಳಿ ಕಳಿಸಿದಳು, ಉತ್ತರ ಬರಲಿಲ್ಲ. ತಿಂಗಳಿಗೊಮ್ಮೆ ಸ್ಟೂಲು ಹತ್ತಿ ಸಾಕ್ಷಿ ಪ್ಯಾಕೆಟ್ಟು ಇಳಿಸಿ ಬಿಚ್ಚುತ್ತಾಳೆ, ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಸಿಹಿಯಾಗಿದೆ ಎನಿಸುತ್ತದೆ. ಆಮೇಲೆ ಗಂಡನನ್ನು ಕರೆದು, ‘ನೀವೊಂದು ಸಲ ನೋಡಿ’ ಎನ್ನುತ್ತಾಳೆ.